ಸ್ಟ್ರಾಂಗ್ ಕನ್ಕಾರ್ಡೆನ್ಸ್, ಜೊತೆಗೆ ಬ್ರೌನ್-ಡ್ರೈವರ್-ಬ್ರಿಗ್ಸ್ ನಿಘಂಟು: ಆರು ವರ್ಷ ಬಳಸಿದ ಮೇಲೆ

ಬೈಬಲಿನ ಆದಿಕಾಂಡವನ್ನು ಮಕ್ಕಳಿಗೆ ಅರ್ಥವಾಗುವ ಕನ್ನಡಕ್ಕೆ ತರುವಾಗ ಈ ಎರಡೂ ಪುಸ್ತಕಗಳು ದಿನಾ ನನ್ನ ಮೇಜಿನ ಮೇಲಿದ್ದವು. ಮೊದಲನೆಯದು ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನ ಪದಗಳು ಎಲ್ಲೆಲ್ಲಿ ಬರುತ್ತವೆ ಅಂತ ತೋರಿಸುವ ಪಟ್ಟಿ, ಅದರಲ್ಲಿ ಪ್ರತಿ ಮೂಲ ಪದಕ್ಕೂ ಒಂದು ಸಂಖ್ಯೆ ಇದೆ. ಎರಡನೆಯದು ಹಳೆ ಒಡಂಬಡಿಕೆಯ ಹೀಬ್ರೂ ಪದಗಳ ನಿಘಂಟು. ಇವುಗಳ ನಿಜವಾದ ಬೆಲೆ ಗೊತ್ತಾಗಿದ್ದು ಎರಡನೇ ಅಧ್ಯಾಯದ ಆರನೇ ವಚನದಲ್ಲಿ. ಭೂಮಿಯಿಂದ 'ಏದ್' ಎದ್ದು ನೆಲವನ್ನೆಲ್ಲ ತೋಯಿಸುತ್ತಿತ್ತು ಅಂತ ಅಲ್ಲಿ ಹೀಬ್ರೂ ಮೂಲದಲ್ಲಿದೆ. ಕಿಂಗ್ ಜೇಮ್ಸ್ ಇಂಗ್ಲಿಷ್ ನೋಡಿ ನಾನು 'ಮಂಜು' ಅಂತ ಬರೆದುಬಿಟ್ಟಿದ್ದೆ. ಆದರೆ ಮಂಜು ಬೀಳುತ್ತೆ, ಕವಿಯುತ್ತೆ, ನೆಲಕ್ಕೆ ನೀರುಣಿಸುತ್ತಾ?

ಇಂಗ್ಲಿಷ್ ಪದದಿಂದ ಹುಡುಕಿದರೆ ದಾರಿ ತಪ್ಪುತ್ತೀರಿ. ಯೋಬ 36:27ರಲ್ಲಿರುವ ಅದೇ ಏದ್ ಅನ್ನು ಕಿಂಗ್ ಜೇಮ್ಸ್ 'ಆವಿ' ಎಂದಿದೆ. ಅದೇ 'ಆವಿ'ಯನ್ನು ಹಿಡಿದು ಹೋದರೆ ಕೀರ್ತನೆ 135:7 ಸಿಗುತ್ತೆ, ಅಲ್ಲಿರುವುದು ಬೇರೆಯೇ ಹೀಬ್ರೂ ಪದ. ಉಚ್ಚಾರಣೆಯಿಂದ ಹುಡುಕಿದರೂ ಕಷ್ಟ, 'ಆಪತ್ತು' ಮತ್ತು 'ಸಾಕ್ಷಿ' ಎಂಬ ಅರ್ಥದ ಪದಗಳೂ ಕನ್ನಡ ಲಿಪಿಯಲ್ಲಿ ಏದ್ ಅಂತಲೇ ಆಗುತ್ತವೆ, ಹೀಬ್ರೂ ಅಕ್ಷರಗಳು ಮಾತ್ರ ಬೇರೆ. ಅದಕ್ಕೇ ಸ್ಟ್ರಾಂಗ್ ಕೊಟ್ಟ ಸಂಖ್ಯೆ ಬೇಕು: H108. ಅದನ್ನು ಹಾಕಿದರೆ ಇಡೀ ಹಳೆ ಒಡಂಬಡಿಕೆಯಲ್ಲಿ ಸಿಗುವುದು ಎರಡೇ ಜಾಗ, ಆದಿಕಾಂಡ ಮತ್ತು ಯೋಬ.

ಆಮೇಲೆ ಪಕ್ಕದ ಕ್ರಿಯಾಪದವನ್ನೂ ನೋಡಿದೆ, ಇದನ್ನು ಯಾರೂ ಬಿಡಬಾರದು. ಆರನೇ ವಚನದಲ್ಲಿ ನೆಲಕ್ಕೆ ನೀರುಣಿಸುವ ಕ್ರಿಯಾಪದವೇ ಹತ್ತನೇ ವಚನದಲ್ಲಿ ಏದೆನಿನ ನದಿ ತೋಟಕ್ಕೆ ನೀರುಣಿಸುವಾಗಲೂ ಬರುತ್ತೆ. ಹಳೆ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನ ಅನುವಾದಕರು ಆದಿಕಾಂಡದಲ್ಲಿ 'ಬುಗ್ಗೆ' ಎಂದು, ಯೋಬನಲ್ಲಿ 'ಮೋಡ' ಎಂದು ಬರೆದಿದ್ದಾರೆ. ಅಂದರೆ ಅಷ್ಟು ಹಿಂದೆಯೇ ಈ ಪದಕ್ಕೆ ಒಂದೇ ಅರ್ಥ ಇರಲಿಲ್ಲ.

ನಿಘಂಟಿನ ಬಗ್ಗೆ ಎರಡು ದೂರುಗಳಿವೆ. ಬ್ರೌನ್-ಡ್ರೈವರ್-ಬ್ರಿಗ್ಸ್ ಪದಗಳನ್ನು ಧಾತುವಿನ ಕೆಳಗೆ ಜೋಡಿಸಿದೆ, ಆದ್ದರಿಂದ ಹೊಸಬರು ಅಕ್ಷರಕ್ರಮದಲ್ಲಿ ಹುಡುಕಿ ಸುಸ್ತಾಗುತ್ತಾರೆ. ಸ್ಟ್ರಾಂಗ್ ಸಂಖ್ಯೆ ಅಚ್ಚಾಗಿರುವ ಆವೃತ್ತಿಯನ್ನೇ ಕೊಳ್ಳಿ. ಎರಡನೆಯದು, ಇದು ಇಪ್ಪತ್ತನೇ ಶತಮಾನದ ಆರಂಭದ ಪುಸ್ತಕ, 'ಮಂಜು' ಅಂತಲೇ ಹೇಳುತ್ತೆ. ಆಮೇಲೆ ಬಂದ ನಿಘಂಟುಗಳು ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಉಕ್ಕುವ ನೀರಿಗಿರುವ 'ಎದೂ' ಎಂಬ ಪದದ ಜೊತೆ ಹೋಲಿಸಿ, ನೆಲದೊಳಗಿನ ನೀರು ಅನ್ನುವ ಅರ್ಥ ಕೊಡುತ್ತವೆ. ಸ್ಟ್ರಾಂಗ್ ಹಿಂಭಾಗದಲ್ಲಿರುವ ಚುಟುಕು ಅರ್ಥವನ್ನು ಮಾತ್ರ ಓದಿ ಅನುವಾದ ಮಾಡಬೇಡಿ, ಅದು ಸಂಖ್ಯೆ ಹುಡುಕೋಕೆ ಸಾಕು, ತೀರ್ಮಾನಕ್ಕೆ ಸಾಲದು.

ಎರಡೇ ಬಳಕೆಯಿಂದ ಅರ್ಥ ಗಟ್ಟಿಯಾಗಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಕೊನೆಗೆ ಆದಿಕಾಂಡದಲ್ಲಿ 'ನೆಲದೊಳಗಿನ ನೀರು ಉಕ್ಕಿ ಬಂದು' ಅಂತ ಬರೆದೆ. ಯೋಬನಲ್ಲಿ ನೀರಿನ ಹನಿಗಳು ಮೇಲೇರಿ ಮಳೆಯಾಗುವ ಮಾತಿರುವುದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಮಂಜು' ಎಂದೇ ಉಳಿಸಿದ್ದೇನೆ, ಮೂಲದಲ್ಲಿ ಎರಡೂ ಕಡೆ ಒಂದೇ ಪದ ಅಂತ ಅಂಚಿನಲ್ಲಿ ಬರೆದು.