ವ್ಯವಸ್ಥಾಪಕರಿಗೆ 360 ಡಿಗ್ರಿ ಫೀಡ್‌ಬ್ಯಾಕ್: ಕೊಂಡ ಪ್ರಶ್ನಾವಳಿ, ಗೂಗಲ್ ಫಾರ್ಮ್, ಅಚ್ಚು ಹಾಕಿಸಿದ ಹಾಳೆ

ನಾನು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ವ್ಯವಸ್ಥಾಪಕರ ಬಗ್ಗೆ ಅವರ ಮೇಲಧಿಕಾರಿ, ಸಹೋದ್ಯೋಗಿಗಳು ಮತ್ತು ಕೈಕೆಳಗಿನವರಿಂದ ಅಭಿಪ್ರಾಯ ಪಡೆಯುವ ಕೆಲಸವನ್ನು ಮೂರು ಬಗೆಯಲ್ಲಿ ನಡೆಸಿ ನೋಡಿದ್ದೇವೆ. ಮೊದಲು ಒಂದು ಸಲಹಾ ಸಂಸ್ಥೆಯಿಂದ ಸಿದ್ಧ ಪ್ರಶ್ನಾವಳಿ ಕೊಂಡೆವು. ಆಮೇಲೆ ನಾವೇ ಪ್ರಶ್ನೆ ಬರೆದು ಗೂಗಲ್ ಫಾರ್ಮ್‌ಗೆ ಹಾಕಿದೆವು. ಕೊನೆಗೆ ಅದೇ ಪ್ರಶ್ನೆಗಳನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಂಗ್ರಹಿಸಿದೆವು. ಈ ಕೊನೆಯದೇ ನನಗೆ ಒಪ್ಪಿಗೆಯಾದದ್ದು.

ಕೊಂಡ ಪ್ರಶ್ನಾವಳಿಯಲ್ಲಿ ‘ಇವರಲ್ಲಿ ಉತ್ತಮ ನಾಯಕತ್ವ ಗುಣವಿದೆ’ ಎಂಬಂಥ ವಾಕ್ಯಗಳೇ ಹೆಚ್ಚಿದ್ದವು. ಗುಣ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಉತ್ತರಿಸುವವರು ಆ ವ್ಯಕ್ತಿ ತಮಗೆ ಇಷ್ಟವೋ ಅಲ್ಲವೋ ಎಂಬುದನ್ನೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿ ಕೊಡುತ್ತಾರೆ. ಹಾಳೆಯ ಮೇಲಿನಿಂದ ಕೆಳಗಿನವರೆಗೆ ಒಂದೇ ಕಾಲಮ್ಮಿನಲ್ಲಿ ಗುರುತು ಬಿದ್ದಿದ್ದರೆ ಹೀಗಾಗಿರುವ ಅನುಮಾನ ಬರಬೇಕು. ನಾವು ಆ ವಾಕ್ಯದ ಬದಲು ‘ಕೆಲಸದಲ್ಲಿ ತಪ್ಪಾದಾಗ, ಇತರರ ಎದುರಿಗಲ್ಲದೆ ಪ್ರತ್ಯೇಕವಾಗಿ ಕರೆದು ಹೇಳುತ್ತಾರೆ’ ಎಂದು ಬರೆದೆವು. ಇಬ್ಬರು ಬೇರೆ ಬೇರೆಯಾಗಿ ನೋಡಿದರೂ ಅದು ನಡೆಯಿತೇ ಇಲ್ಲವೇ ಎಂಬುದರಲ್ಲಿ ಒಪ್ಪುವಂತಿರಬೇಕು. ವಾಕ್ಯವನ್ನು ನಾನು ಪರೀಕ್ಷಿಸುವುದು ಹೀಗೆಯೇ. ‘ಸಿಬ್ಬಂದಿಯ ಮಾತು ಕೇಳಿ ಬೇಗ ನಿರ್ಧರಿಸುತ್ತಾರೆ’ ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬಿಡಿಸಲೇಬೇಕು. ಉತ್ತರಗಳೂ ‘ಒಪ್ಪುತ್ತೇನೆ’ ಎಂದಿರದೆ, ಈ ಸೀಸನ್ನಿನಲ್ಲಿ ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ವರೆಗೆ ಎಷ್ಟು ಬಾರಿ ಕಂಡಿರಿ ಎಂದಿರಬೇಕು, ಜೊತೆಗೆ ‘ನೋಡುವ ಸಂದರ್ಭ ಬಂದಿಲ್ಲ’ ಎಂಬ ಕಾಲಮ್ಮು ಬೇಕು, ಏಕೆಂದರೆ ಲೆಕ್ಕಪತ್ರ ವಿಭಾಗದವರು ಗೋದಾಮಿನ ವ್ಯವಸ್ಥಾಪಕರು ಹಮಾಲರೊಡನೆ ಹೇಗೆ ಮಾತನಾಡುತ್ತಾರೆಂದು ನೋಡಿರುವುದೇ ಇಲ್ಲ.

ಆದರೆ ಕೊಂಡದ್ದು ನಮಗೆ ನಿಜವಾಗಿ ಕೈಕೊಟ್ಟದ್ದು ಉತ್ತರಿಸಿದವರ ಗುರುತು ಕಾಪಾಡುವ ವಿಷಯದಲ್ಲಿ. ಮೂವರಿಗಿಂತ ಕಡಿಮೆ ಜನರಿರುವ ಗುಂಪಿನ ಸರಾಸರಿಯನ್ನು ವರದಿಯಲ್ಲಿ ತೋರಿಸುವುದಿಲ್ಲ ಎಂದು ಸಂಸ್ಥೆ ಹೇಳಿತ್ತು, ಆ ಮಾತನ್ನು ಉಳಿಸಿಕೊಂಡಿತು ಕೂಡ. ಒಬ್ಬ ವ್ಯವಸ್ಥಾಪಕರಿಗೆ ಐವರು ಸಹೋದ್ಯೋಗಿಗಳೂ ಇಬ್ಬರು ಕೈಕೆಳಗಿನವರೂ ಉತ್ತರ ಕೊಟ್ಟಿದ್ದಾರೆ ಎಂದುಕೊಳ್ಳಿ. ಇಬ್ಬರ ಅಂಕಣ ಖಾಲಿ ಇದೆ. ಆದರೆ ಸಹೋದ್ಯೋಗಿಗಳ ಸರಾಸರಿ 4.4 ಎಂದೂ, ಏಳು ಜನರ ಒಟ್ಟು ಸರಾಸರಿ 4 ಎಂದೂ ಅದೇ ಪುಟದಲ್ಲಿ ಅಚ್ಚಾಗಿದೆ. ಏಳು ನಾಲ್ಕಲಿ 28, ಅದರಲ್ಲಿ ಐವರದು 22. ಉಳಿದ 6ನ್ನು ಇಬ್ಬರಿಗೆ ಹಂಚಿದರೆ ತಲಾ 3. ಮುಚ್ಚಿಟ್ಟ ಅಂಕಿ ಹೀಗೆ ಒಂದು ಕಳೆಯುವ ಲೆಕ್ಕದಲ್ಲಿ ಹೊರಬರುತ್ತದೆ, ಅಂಕ ಕಡಿಮೆ ಕೊಟ್ಟವರು ಯಾವ ಕಡೆಯವರೆಂದು ವ್ಯವಸ್ಥಾಪಕರಿಗೆ ತಿಳಿಯುತ್ತದೆ. ಸಣ್ಣ ಗುಂಪನ್ನು ಮುಚ್ಚಿದರೆ ಒಟ್ಟು ಸರಾಸರಿಯನ್ನೂ ಮುಚ್ಚಬೇಕು, ಇಲ್ಲವೇ ಎರಡು ಗುಂಪುಗಳನ್ನು ಸೇರಿಸಿ ಒಂದೇ ಅಂಕಿ ಕೊಡಬೇಕು.

ಅದಕ್ಕಿಂತ ಕೆಟ್ಟದ್ದು ಅಭಿಪ್ರಾಯಗಳನ್ನು ಬರೆದಂತೆಯೇ ಅಚ್ಚು ಹಾಕಿದ್ದು. ‘ಮಳೆ ಬಂದಾಗ ಕಣಕ್ಕೆ ಟಾರ್ಪಾಲು ಹೊದಿಸಿ ಎಂದದ್ದಕ್ಕೆ ನನ್ನ ಮೇಲೆಯೇ ಕೂಗಾಡಿದರು’ ಎಂಬ ಒಂದು ಸಾಲು ಸಾಕಾಯಿತು; ಬರೆದವರು ಯಾರೆಂದು ಕಣದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಈಗ ನಾವು ಒಂದೇ ಮಾತನ್ನು ಇಬ್ಬರಾದರೂ ಹೇಳಿದ್ದರೆ ಮಾತ್ರ, ಘಟನೆಯನ್ನು ಕೈಬಿಟ್ಟು, ‘ಎಚ್ಚರಿಕೆ ಹೇಳಿದವರ ಮೇಲೆ ರೇಗುತ್ತಾರೆ’ ಎಂಬಷ್ಟನ್ನು ವರದಿಗೆ ಸೇರಿಸುತ್ತೇವೆ.

ಗೂಗಲ್ ಫಾರ್ಮ್‌ಗೆ ಖರ್ಚಿಲ್ಲ, ಎಣಿಕೆಯೂ ಸುಲಭ. ಆದರೆ ಒಬ್ಬರು ಒಂದೇ ಸಲ ಉತ್ತರಿಸಬೇಕೆಂದರೆ ಅವರು ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು. ಇಮೇಲ್ ಸಂಗ್ರಹಿಸದಂತೆ ಇಟ್ಟರೆ ಅದು ನಮಗೆ ಕಾಣುವುದಿಲ್ಲ, ನಿಜ. ಆದರೆ ಉತ್ತರಿಸುವವರಿಗೆ ತಮ್ಮ ಇಮೇಲ್ ಪರದೆಯ ಮೇಲೆ ಕಾಣುತ್ತಿದ್ದರೆ ಧೈರ್ಯ ಬರುವುದು ಹೇಗೆ? ಉತ್ತರಗಳ ಶೀಟಿನ ಮೊದಲ ಕಾಲಮ್ಮಿನಲ್ಲಿ ಪ್ರತಿ ಉತ್ತರ ಬಂದ ಸಮಯವೂ ದಾಖಲಾಗುತ್ತದೆ. ನಮ್ಮಂಥ ಸಣ್ಣ ಕಚೇರಿಯಲ್ಲಿ ಯಾರು ಎಷ್ಟು ಹೊತ್ತಿಗೆ ಫೋನ್ ಹಿಡಿದು ಕುಳಿತಿದ್ದರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಅಚ್ಚು ಹಾಕಿಸಿದ ಹಾಳೆಯಲ್ಲಿ ಸಮಯವಿಲ್ಲ, ಖಾತೆಯಿಲ್ಲ. ಸಹೋದ್ಯೋಗಿಗಳಿಗೆ ಬಿಳಿ, ಕೈಕೆಳಗಿನವರಿಗೆ ಹಳದಿ. ವಯಸ್ಸು, ಸೇವಾವಧಿ, ವಿಭಾಗ ಯಾವುದನ್ನೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಬಗೆಯ ಪೆನ್ನು ಕೊಡುತ್ತೇವೆ. ಕೈಬರಹ ಗುರುತಾಗುವ ಅಪಾಯವಿರುವುದರಿಂದ, ಪೆಟ್ಟಿಗೆಯನ್ನು ತೆರೆದು ಎಣಿಸುವುದು ಊರಿನ ಒಬ್ಬ ಲೆಕ್ಕಪರಿಶೋಧಕರ ಕಚೇರಿಯವರು. ಹಾಳೆಗಳನ್ನು ಅವರೇ ಹರಿದುಹಾಕುತ್ತಾರೆ, ನಮ್ಮ ಕೈಗೆ ಬರುವುದು ಒಟ್ಟು ಅಂಕಿ ಮತ್ತು ಇಬ್ಬರಾದರೂ ಹೇಳಿದ ಅಭಿಪ್ರಾಯಗಳ ಸಾರ ಮಾತ್ರ. ಮೇಲಧಿಕಾರಿ ಒಬ್ಬರೇ ಇರುವುದರಿಂದ ಅವರ ಉತ್ತರ ಗುಟ್ಟಾಗಿ ಉಳಿಯದು ಎಂದು ಅವರಿಗೆ ಮೊದಲೇ ತಿಳಿಸುತ್ತೇವೆ.

ಹಲವು ಊರುಗಳಲ್ಲಿ ಶಾಖೆಯಿರುವ ಕಂಪನಿಗೆ ಈ ಕ್ರಮ ಒಗ್ಗುವುದಿಲ್ಲ, ಅವರಿಗೆ ಫಾರ್ಮ್ ಬೇಕೇ ಬೇಕು. ಒಂದೇ ಆವರಣದಲ್ಲಿ ಕೆಲಸ ನಡೆಯುವ, ಅಚ್ಚಿನ ಖರ್ಚು ಮತ್ತು ಎಣಿಕೆಯ ಸಣ್ಣ ಶುಲ್ಕಕ್ಕಿಂತ ಹೆಚ್ಚು ಕೊಡಲಾಗದ ನಮಗೆ ಹಾಳೆಯೇ ಸಾಕು. ಕೈಕೆಳಗೆ ಇಬ್ಬರೇ ಇರುವ ವ್ಯವಸ್ಥಾಪಕರಿಗೆ ಮಾತ್ರ ಈಗ ಹಳದಿ ಹಾಳೆಯನ್ನು ಹಂಚುವುದಿಲ್ಲ. ಆ ಇಬ್ಬರಿಗೂ ಬಿಳಿ ಹಾಳೆಯನ್ನೇ ಕೊಟ್ಟು, ಎಲ್ಲರದನ್ನೂ ಒಂದೇ ಗುಂಪಾಗಿ ಎಣಿಸುತ್ತೇವೆ.