ನೈಟ್ ಗಾರ್ಡ್: ಬಿಸಿನೀರಿನದೋ, ಮೆತ್ತನೆಯದೋ, ಗಟ್ಟಿಯದೋ?

ಮಲಗುವಾಗ ಹಲ್ಲಿನ ಸಾಲಿಗೆ ಕೂರಿಸಿಕೊಳ್ಳುವ ಕವಚವೇ ನೈಟ್ ಗಾರ್ಡ್. ಅದನ್ನು ಹಾಕಿಕೊಂಡರೆ ನಿದ್ದೆಯಲ್ಲಿ ಹಲ್ಲು ಕಡಿಯುವುದು ನಿಂತೇಹೋಗುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನವರು ಹಲ್ಲಿನ ಬದಲು ಗಾರ್ಡನ್ನು ಕಡಿಯುತ್ತಾರೆ, ಅಷ್ಟೇ. ಸವೆಯುವುದು ಅದು; ಭಾರವೂ ಒಂದೆರಡು ಹಲ್ಲಿನ ಮೇಲೆ ಬೀಳದೆ ಇಡೀ ಸಾಲಿಗೆ ಹಂಚಿಹೋಗುತ್ತದೆ. ಮೂರು ಬಗೆಯನ್ನೂ ಹಾಕಿ ನೋಡಿದಾಗ ವ್ಯತ್ಯಾಸ ಗೊತ್ತಾಗುವುದು ಈ ಹಂಚಿಕೆಯಲ್ಲೇ.

ಬಿಸಿನೀರಿನಲ್ಲಿ ಮೆದು ಮಾಡಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು ಅಗ್ಗ, ಮನೆಯಲ್ಲೇ ಆಗುತ್ತದೆ. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನೀರಲ್ಲಿಟ್ಟರೆ ಮುದುಡಿಕೊಳ್ಳುತ್ತದೆ. ಕಡಿಮೆಯಾದರೆ ಅಚ್ಚು ಆಳಕ್ಕಿಳಿಯದೆ ನಡುರಾತ್ರಿ ಕಳಚಿ ಬೀಳುತ್ತದೆ. ಜೋರಾಗಿ ಕಚ್ಚಿದರಂತೂ ದವಡೆ ಹಲ್ಲಿನ ಕೆಳಗೆ ಕಾಗದದಷ್ಟು ತೆಳುವಾಗಿ, ಮುಂದೆ ದಪ್ಪವೇ ಉಳಿಯುತ್ತದೆ. ಗಟ್ಟಿ ಗಾರ್ಡ್ ತಯಾರಾಗುವವರೆಗೆ ಕೆಲವು ವಾರ ಸುಧಾರಿಸಿಕೊಳ್ಳಲು ಸಾಕು, ಅದಕ್ಕಿಂತ ಹೆಚ್ಚಿಗೆ ಅಲ್ಲ.

ಲ್ಯಾಬಿನಲ್ಲಿ ಮಾಡಿದ ಮೆತ್ತನೆಯದು ಮೊದಲ ರಾತ್ರಿಯೇ ಹಿತ ಅನಿಸುತ್ತದೆ. ತೊಂದರೆಯೂ ಆ ಮೆದುತನದ್ದೇ: ರಬ್ಬರಿನಂತಿರುವುದರಿಂದ ಕೆಲವರು ಅದನ್ನು ರಾತ್ರಿಯಿಡೀ ಜಗಿಯುತ್ತಾರೆ, ಬೆಳಿಗ್ಗೆ ಕೆನ್ನೆ, ಕಣತಲೆ ಇನ್ನಷ್ಟು ಬಿಗಿದಿರುತ್ತವೆ. ಎತ್ತರವಿದ್ದ ಕಡೆ ತಿದ್ದೋಣವೆಂದರೆ ದಂತವೈದ್ಯರ ಉಜ್ಜುವ ಉಪಕರಣಕ್ಕೆ ನಯವಾಗಿ ಸಿಗದೆ ಎಳೆದುಕೊಳ್ಳುತ್ತದೆ.

ದವಡೆಯ ಕೀಲು ನೋವಿದ್ದವರಿಗೆ ನಮ್ಮ ಆಯ್ಕೆ ಗಟ್ಟಿ ಅಕ್ರಿಲಿಕ್‌ನದು. ಮೇಲಿನ ಎಲ್ಲ ಹಲ್ಲನ್ನೂ ಮುಚ್ಚುವಂಥದ್ದು, ಕಚ್ಚುವ ಮೈ ಸಪಾಟಾಗಿರುವಂಥದ್ದು. ಮೊದಲ ಕೆಲವು ರಾತ್ರಿ ಜೊಲ್ಲು ಹೆಚ್ಚು. ಆದರೆ ತಂದು ಹಾಕಿಕೊಂಡ ಮಾತ್ರಕ್ಕೆ ಇದೂ ಕೆಲಸ ಮಾಡುವುದಿಲ್ಲ, ದಂತವೈದ್ಯರ ಕುರ್ಚಿಯಲ್ಲಿ ಕೂತು ತಿದ್ದಿಸಿಕೊಳ್ಳಬೇಕು. ಹಾಕಲು ಶುರು ಮಾಡಿದ ಮೇಲೆ ಬಲಗಿವಿಯ ಮುಂದೆ ಹೊಸದಾಗಿ ನೋವು ಬಂತು ಅನ್ನಿ. ದಂತವೈದ್ಯರು ಬಣ್ಣದ ಕಾಗದವಿಟ್ಟು ಕಚ್ಚಿಸಿದಾಗ ಬಲಗಡೆ ಕೊನೆಯ ಹಲ್ಲಿನ ಜಾಗದಲ್ಲಿ ಒಂದೇ ಒಂದು ಕಡುಗುರುತು, ಎಡಗಡೆ ಖಾಲಿ. ಅಂದರೆ ರಾತ್ರಿಯ ಭಾರವೆಲ್ಲ ಅಲ್ಲೇ ಬೀಳುತ್ತಿದೆ. ಆ ಗುರುತನ್ನಷ್ಟೇ ಉಜ್ಜಿ, ಮತ್ತೆ ಕಚ್ಚಿಸಿ, ಎರಡೂ ಕಡೆ ಒಂದೇ ತೆರನಾದ ಚುಕ್ಕೆ ಮೂಡುವವರೆಗೆ ತಿದ್ದುತ್ತಾರೆ. ದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಕೋರೆಹಲ್ಲಿನ ಬಳಿ ಮಾತ್ರ ಗೆರೆ ಬೀಳಬೇಕು. ಬಿಗಿದ ಸ್ನಾಯು ಸಡಿಲವಾದಂತೆ ದವಡೆ ಕೂರುವ ಜಾಗ ತುಸು ಬದಲಾಗುತ್ತದೆ. ಹಾಗಾಗಿ ಒಂದೆರಡು ವಾರದ ನಂತರ ಇನ್ನೊಮ್ಮೆ ತೋರಿಸಲೇಬೇಕು. ದುಡ್ಡು ಕೊಟ್ಟವರು ತಪ್ಪಿಸುವುದು ಈ ಭೇಟಿಯನ್ನೇ.

ಮುಂದಿನ ಹಲ್ಲಿಗಷ್ಟೇ ಕೂರುವ ಪುಟ್ಟ ಗಾರ್ಡನ್ನು ವೈದ್ಯರ ನಿಗಾ ಇಲ್ಲದೆ ಬಳಸಬೇಡಿ. ತಿಂಗಳುಗಟ್ಟಲೆ ಹಾಕಿದರೆ ತಾಗದೆ ಉಳಿದ ಹಿಂದಿನ ಹಲ್ಲು ಮೇಲೆದ್ದು, ಮುಂದಿನವು ಕೂಡದೇ ಹೋಗಬಹುದು. ಬಾಯಿ ಮೂರು ಬೆರಳಿನಷ್ಟೂ ತೆರೆಯದಿದ್ದರೆ ಅಥವಾ ದವಡೆ ಸಿಕ್ಕಿಕೊಳ್ಳುತ್ತಿದ್ದರೆ ಗಾರ್ಡ್ ಮಾಡಿಸುವ ಮೊದಲು ಕೀಲನ್ನು ಪರೀಕ್ಷಿಸಿಕೊಳ್ಳಿ. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವವರು ಅದನ್ನು ಮೊದಲೇ ಹೇಳಬೇಕು, ಕೆಲವರಿಗೆ ಗಾರ್ಡಿನಿಂದ ಅದು ಹೆಚ್ಚಾಗುತ್ತದೆ.

ತೊಳೆಯಲು ತಣ್ಣೀರು, ಮೆದು ಬ್ರಶ್, ಬಿಸಿನೀರಿಗೆ ಸೊಟ್ಟಗಾಗುತ್ತದೆ. ಬೆಳಿಗ್ಗೆ ತೆಗೆದಾಗ ಹಲ್ಲು ಸರಿಯಾಗಿ ಕೂಡದಂತೆ ಅನಿಸಿದರೂ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ತಿಂಡಿ ತಿನ್ನುವ ಹೊತ್ತಿಗೂ ಹಾಗೇ ಇದ್ದರೆ ಅವತ್ತು ರಾತ್ರಿ ಹಾಕಬೇಡಿ, ಗಾರ್ಡ್ ತೆಗೆದುಕೊಂಡು ಹೋಗಿ ತೋರಿಸಿ.