ಒಂದೇ ಅರ್ಜಿ, ಹಲವು ಶಾಲೆ: ರಿಪ್ಲೇಸ್ ಮಾಡೋದಾ, ಮೇಲ್ ಮರ್ಜಾ?

ಖಾಸಗಿ ಪ್ರೌಢಶಾಲೆಗಳಿಗೆ ಗಣಿತ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಾಗ ಎರಡು ದಾರಿಯನ್ನೂ ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಮೇಲ್ ಮರ್ಜ್. ವರ್ಡ್‌ನಲ್ಲಿ ಪತ್ರ, ಎಕ್ಸೆಲ್‌ನಲ್ಲಿ ಶಾಲೆಗಳ ಪಟ್ಟಿ. `Mailings` ಅಡಿಯಲ್ಲಿ `Select Recipients` ಕೊಟ್ಟು ಎರಡನ್ನೂ ಜೋಡಿಸಿ, ಬದಲಾಗುವ ಜಾಗಗಳಲ್ಲಿ `Insert Merge Field` ಮೂಲಕ ಕಾಲಂಗಳನ್ನು ಇಟ್ಟು, `Finish & Merge` ಕೊಟ್ಟರೆ ಪ್ರತಿ ಶಾಲೆಗೂ ಒಂದು ಪತ್ರ ಸಿದ್ಧವಾಗುತ್ತದೆ.

ಹಳೆಯ ಪತ್ರ ತೆರೆದು `Ctrl+H` ಒತ್ತಿ ಶಾಲೆಯ ಹೆಸರು ಬದಲಿಸುವುದು ಸುಲಭ ಅನ್ನಿಸುತ್ತದೆ. ಆದರೆ ಕನ್ನಡದಲ್ಲಿ ವಿಭಕ್ತಿ ಕೈಕೊಡುತ್ತದೆ. ಪತ್ರದಲ್ಲಿ 'ವಿದ್ಯಾಲಯದಲ್ಲಿ' ಎಂದಿರುತ್ತದೆ. 'ವಿದ್ಯಾಲಯ' ತೆಗೆದು 'ಪ್ರೌಢಶಾಲೆ' ಹಾಕಿದರೆ 'ಪ್ರೌಢಶಾಲೆದಲ್ಲಿ' ಆಗುತ್ತದೆ. 'ಪಬ್ಲಿಕ್ ಸ್ಕೂಲ್' ಹಾಕಿದರೆ ಇನ್ನೂ ಕಷ್ಟ: ಲ್ ಕೆಳಗೆ ದ ಒತ್ತಕ್ಷರವಾಗಿ ಕೂತು 'ಸ್ಕೂಲ್ದಲ್ಲಿ' ಎಂದು ಮೂಡುತ್ತದೆ. ರಿಪ್ಲೇಸ್ ಮಾಡುವಾಗ ಇದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಪ್ರತಿ ಪತ್ರವನ್ನೂ ಮೊದಲಿಂದ ಕೊನೆವರೆಗೆ ಓದಲೇಬೇಕು.

ಮೇಲ್ ಮರ್ಜ್‌ನಲ್ಲೂ ಹೆಸರಿನ ಬೆನ್ನಿಗೆ 'ದಲ್ಲಿ' ಅಂಟಿಸಿದರೆ ಇದೇ ಗತಿ. ವ್ಯತ್ಯಾಸ ಏನೆಂದರೆ, ಮೂಲ ಪತ್ರವನ್ನು ಒಮ್ಮೆ ಸರಿಯಾಗಿ ಬರೆದರೆ ಮುಗಿಯಿತು. 'ಇವರಿಗೆ' ಕೆಳಗಿನ ವಿಳಾಸದಲ್ಲಿ ಹೆಸರಿಗೆ ಪ್ರತ್ಯಯವೇ ಬೇಡ, ಅಲ್ವಾ? ಅಲ್ಲಿ ಮಾತ್ರ ಹೆಸರು ಬರಲಿ. ಒಳಗೆ ಎಲ್ಲೆಡೆ 'ತಮ್ಮ ಶಾಲೆಯಲ್ಲಿ' ಎಂದೇ ಬರೆಯಿರಿ. ಒಳಗೂ ಹೆಸರು ಬೇಕೇ ಬೇಕೆಂದರೆ ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಮಾಡಿ, ಪ್ರತ್ಯಯ ಸೇರಿಸಿದ ರೂಪವನ್ನೇ ತುಂಬಿ.

ನನ್ನ ಪಟ್ಟಿಯಲ್ಲಿ ಇರುವುದು ಶಾಲೆ, ಊರು, ಹುದ್ದೆ, ಮತ್ತೆ ಆ ಶಾಲೆಗೆಂದೇ ಬರೆದ ಒಂದು ಪ್ಯಾರಾ. ಓದು, ಅನುಭವ, ಟಿಇಟಿ ಅಂಕ ಮೂಲ ಪತ್ರದಲ್ಲೇ ಇರುತ್ತವೆ, ಅವು ಬದಲಾಗುವುದಿಲ್ಲ. ಸಮಯ ಕೊಡಬೇಕಾದದ್ದು ಆ ಪ್ಯಾರಾಕ್ಕೆ. ಉದಾಹರಣೆಗೆ, ಜಾಹೀರಾತಿನಲ್ಲಿ ಗಣಿತದ ಜೊತೆ ಭೌತಶಾಸ್ತ್ರವನ್ನೂ ಕಲಿಸಬೇಕು ಎಂದಿದ್ದರೆ ಹೀಗೆ ಬರೆಯುತ್ತೇನೆ: 'ಬಿ.ಎಡ್. ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ಎರಡೂ ವಿಷಯ ಪಾಠ ಮಾಡಿದ್ದೇನೆ.' 'ತಮ್ಮ ಶಾಲೆ ಹೆಸರುವಾಸಿ' ಎಂಬ ಸಾಲು ಯಾವ ಶಾಲೆಗಾದರೂ ಹೊಂದುತ್ತದೆ, ಹಾಗಾಗಿ ಅದನ್ನು ಬಿಟ್ಟೇಬಿಟ್ಟೆ.

ಮೇಲ್ ಮರ್ಜ್‌ಗೂ ಒಂದು ಕೊರತೆ ಇದೆ. ಪ್ಯಾರಾ ಉದ್ದವಾದರೆ 255 ಅಕ್ಷರಕ್ಕೆ ಕತ್ತರಿಸಿಹೋಗಬಹುದು. ಪಟ್ಟಿಯ ಮೊದಲ ಕೆಲವು ಸಾಲು ನೋಡಿ ಕಾಲಂ ಎಂಥದ್ದು ಎಂದು ನಿರ್ಧಾರವಾಗುವುದೇ ಇದಕ್ಕೆ ಕಾರಣ. ಅತಿ ಉದ್ದದ ಪ್ಯಾರಾ ಇರುವ ಶಾಲೆಯನ್ನು ಪಟ್ಟಿಯಲ್ಲಿ ಮೊದಲಿಗೆ ಇಡಿ. ಆಮೇಲೆ `Preview Results` ಒತ್ತಿ ಪ್ಯಾರಾದ ಕೊನೆ ನೋಡಿ. ಮಾತು ಅರ್ಧಕ್ಕೆ ನಿಂತಿದ್ದರೆ ತಕ್ಷಣ ಗೊತ್ತಾಗುತ್ತದೆ.

ವರ್ಡ್‌ಗೆ ದುಡ್ಡು ಹಾಕಲು ಆಗದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಮೇಲ್ ಮರ್ಜ್ ಇದೆ.

ನಾನು ಅರ್ಜಿಗಳನ್ನು ಪ್ರಿಂಟ್ ತೆಗೆಸಿ ಶಾಲೆಗೇ ಹೋಗಿ ಕೊಡುವವಳು. ಎಲ್ಲ ಪತ್ರವೂ ಒಂದೇ ಫೈಲಿನಲ್ಲಿ ಬರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಇಮೇಲ್‌ನಲ್ಲಿ ಲಗತ್ತಿಸಿ ಕಳಿಸುವವರು ಆ ಫೈಲನ್ನು ಒಂದೊಂದೇ ಪತ್ರವಾಗಿ ಬಿಡಿಸಿಕೊಳ್ಳಬೇಕು. ಮೂರೋ ನಾಲ್ಕೋ ಶಾಲೆ ಮಾತ್ರ ಇದ್ದರೆ ಪಟ್ಟಿಯೂ ಬೇಡ. ಬದಲಾಗುವ ಜಾಗಗಳಿಗೆ ಹಳದಿ ಬಣ್ಣ ಬಳಿದು ಕೈಯಲ್ಲೇ ತುಂಬಿ, ತುಂಬಿದ ಮೇಲೆ ಬಣ್ಣ ತೆಗೆಯಿರಿ.